ಬೀಟ್‌ರೂಟ್ ತಿಂದವರಲ್ಲಿ ಕೆಲವರಿಗಷ್ಟೇ ಮೂತ್ರ ಕೆಂಪಾಗುವುದೇಕೆ?

ಒಂದೇ ಬಾಣಲೆಯ ಬೀಟ್‌ರೂಟ್ ಪಲ್ಯವನ್ನು ಮನೆಯ ಐದು ಜನ ತಿಂದಿರುತ್ತಾರೆ. ಕೆಲವು ಗಂಟೆ ಕಳೆದ ಮೇಲೆ ಅವರಲ್ಲಿ ಒಬ್ಬರು ಬಚ್ಚಲಿನಿಂದ ಮುಖ ಸಪ್ಪೆ ಮಾಡಿಕೊಂಡು ಹೊರಗೆ ಬರುತ್ತಾರೆ. ಮೂತ್ರ ಗುಲಾಬಿ ಬಣ್ಣಕ್ಕೆ ತಿರುಗಿದೆ. ಉಳಿದ ನಾಲ್ವರಿಗೆ ಏನೂ ಆಗಿಲ್ಲ. ಗಾಬರಿ ಹೆಚ್ಚಾಗುವುದೂ ಅದಕ್ಕೇ. ಎಲ್ಲರಿಗೂ ಆಗಿದ್ದರೆ ತಿಂದದ್ದರ ಮೇಲೆ ಅನುಮಾನ ಬರುತ್ತಿತ್ತು. ಒಬ್ಬರಿಗೇ ಆದಾಗ ರಕ್ತವೇ ಹೋಗುತ್ತಿದೆಯೇನೋ ಎಂದು ಜೀವ ಹಾರಿಹೋಗುತ್ತದೆ.

ಸುಮಾರು ನೂರು ಜನರಲ್ಲಿ ಹತ್ತರಿಂದ ಹದಿನಾಲ್ಕು ಮಂದಿಗೆ ಬೀಟ್‌ರೂಟ್ ತಿಂದ ಮೇಲೆ ಮೂತ್ರ ಕಣ್ಣಿಗೆ ಕಾಣುವಷ್ಟು ಕೆಂಪಾಗುತ್ತದೆ. ವೈದ್ಯರು ಇದಕ್ಕೆ ಬೀಟೂರಿಯಾ ಎನ್ನುತ್ತಾರೆ. ಆ ಬಣ್ಣದಿಂದ ಮೂತ್ರಪಿಂಡಕ್ಕಾಗಲಿ, ಮೂತ್ರಕೋಶಕ್ಕಾಗಲಿ ಯಾವ ಹಾನಿಯೂ ಇಲ್ಲ. ಆದರೆ ಕೆಲವರಲ್ಲೇ ಏಕೆ ಕಾಣಿಸುತ್ತದೆ ಎಂದು ಹುಡುಕಿದ ವೈದ್ಯರಿಗೆ ಅದರ ಹಿಂದೆ ಬೇರೊಂದು ಕೊರತೆಯ ಸುಳಿವು ಸಿಕ್ಕಿತು. ನಮ್ಮ ರಾಜ್ಯದ ಹೆಣ್ಣುಮಕ್ಕಳಂತೂ ಅದನ್ನು ತಿಳಿದುಕೊಳ್ಳಲೇಬೇಕು.

ಮೊದಲು ಬಣ್ಣದ ವಿಷಯ. ನೇರಳೆಹಣ್ಣು, ಕೆಂಪು ದಾಸವಾಳ, ಕಪ್ಪು ದ್ರಾಕ್ಷಿ ಇವುಗಳ ಬಣ್ಣ ಒಂದು ಜಾತಿಯದು, ಬೀಟ್‌ರೂಟಿನದು ಇನ್ನೊಂದು ಜಾತಿಯದು. ಬೀಟ್‌ರೂಟಿನ ಬಣ್ಣದ ಹೆಸರು ಬೀಟಾನಿನ್. ಅದು ಬೀಟಾಲೇನ್ ಎಂಬ ಗುಂಪಿಗೆ ಸೇರುತ್ತದೆ. ಸಸ್ಯಲೋಕದಲ್ಲಿ ಈ ಗುಂಪಿನ ಬಣ್ಣ ತಯಾರಿಸುವ ಗಿಡಗಳು ಬಹಳ ಕಡಿಮೆ, ಅವೂ ಹೆಚ್ಚುಕಡಿಮೆ ಒಂದೇ ಬಳಗದವು. ಕೆಂಪು ದಂಟಿನ ಸೊಪ್ಪು, ಬಸಳೆಯ ಕಪ್ಪುಗೆಂಪು ಹಣ್ಣು, ಪಾಪಾಸುಕಳ್ಳಿಯ ಹಣ್ಣು, ಒಳಗೆ ಕೆಂಪಿರುವ ಡ್ರ್ಯಾಗನ್ ಹಣ್ಣು, ಬೇಲಿಯ ಮೇಲಿನ ಬೋಗನ್‌ವಿಲ್ಲಾ ಎಲ್ಲವೂ ಇದೇ ಬಳಗ. ಕೆಂಪು ಡ್ರ್ಯಾಗನ್ ಹಣ್ಣು ಹೊಟ್ಟೆ ತುಂಬ ತಿಂದವರಿಗೂ ಮೂತ್ರ ಕೆಂಪಾಗುವುದು ಅದಕ್ಕೇ. ಆ ಹಣ್ಣು ಈಗ ನಮ್ಮ ಹೊಲಗಳಲ್ಲೇ ಬೆಳೆಯುತ್ತಿರುವುದರಿಂದ ಈ ಪ್ರಶ್ನೆ ಹೊತ್ತು ವೈದ್ಯರ ಬಳಿ ಹೋಗುವವರೂ ಹೆಚ್ಚಬಹುದು.

ಬೀಟಾನಿನ್ ಗಾಢವಾದ ಬಣ್ಣ, ಆದರೆ ಗಟ್ಟಿ ಜೀವದ್ದಲ್ಲ. ಅಡುಗೆ ಮಾಡುವವರಿಗೆ ಇದು ಗೊತ್ತೇ ಇರುತ್ತದೆ. ಬೀಟ್‌ರೂಟ್ ತುರಿದು ಮೊಸರು ಬಜ್ಜಿ ಮಾಡಿದರೆ ಬಣ್ಣ ಹೊಳೆಯುತ್ತದೆ. ಅದನ್ನೇ ಸಾಂಬಾರಿಗೆ ಹಾಕಿ ಬಹಳ ಹೊತ್ತು ಕುದಿಸಿದರೆ ಕಂದು ತಿರುಗುತ್ತದೆ. ಮೊಸರಿನ ಹದವಾದ ಹುಳಿ ಈ ಬಣ್ಣವನ್ನು ಕಾಪಾಡುತ್ತದೆ. ಬಿಸಿ, ಬೆಳಕು, ಗಾಳಿ ಮತ್ತು ಕಬ್ಬಿಣದ ಅಂಶ ಅದನ್ನು ಕೆಡಿಸುತ್ತವೆ. ತೀರಾ ಕ್ಷಾರವಾದರೂ ಅದು ನಿಲ್ಲುವುದಿಲ್ಲ. ಎಲೆಅಡಿಕೆಗೆ ಹಚ್ಚುವ ಸುಣ್ಣದ ತಿಳಿಯನ್ನು ಬೀಟ್‌ರೂಟ್ ರಸಕ್ಕೆ ಬೆರೆಸಿ ನೋಡಿದರೆ ಕೆಂಪು ಹೋಗಿ ಹಳದಿ ಉಳಿಯುತ್ತದೆ. ಬಾಣಲೆಯಲ್ಲಿ ನಡೆಯುವ ಈ ಆಟವೇ ಹೊಟ್ಟೆಯೊಳಗೂ ನಡೆಯುತ್ತದೆ. ಎಲ್ಲರ ಹೊಟ್ಟೆಯಲ್ಲೂ ಅದು ಒಂದೇ ರೀತಿ ಮುಗಿಯುವುದಿಲ್ಲ.

ತಿಂದ ಬೀಟ್‌ರೂಟ್ ಜಠರಕ್ಕೆ ಹೋದಾಗ ಅಲ್ಲಿನ ಕಟು ಆಮ್ಲ ಬಣ್ಣದ ಒಂದು ಪಾಲನ್ನು ಒಡೆದುಹಾಕುತ್ತದೆ. ಉಳಿದದ್ದು ಕರುಳಿಗೆ ಇಳಿಯುತ್ತದೆ. ಕರುಳಿನ ಗೋಡೆ ದಾಟಿ ರಕ್ತಕ್ಕೆ ಸೇರುವ ಪಾಲು ಬಹಳ ಸಣ್ಣದು. ಮಿಕ್ಕದ್ದು ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾಗಳ ಬಾಯಿಗೆ ಬೀಳುತ್ತದೆ, ಅಥವಾ ಹಾಗೆಯೇ ಮಲದಲ್ಲಿ ಹೊರಬೀಳುತ್ತದೆ. ಮರುದಿನ ಮಲವೂ ಕೆಂಪಾಗಿ ಕಾಣುವುದು ಈ ಪಾಲಿನಿಂದ. ರಕ್ತಕ್ಕೆ ಸೇರಿದ ಬೀಟಾನಿನ್ ದೇಹಕ್ಕೆ ಬೇಡವಾದ ವಸ್ತು. ಅದು ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ಮೂತ್ರಪಿಂಡಗಳು ಅದನ್ನು ಸೋಸಿ ಮೂತ್ರಕ್ಕೆ ಬಿಡುತ್ತವೆ. ಮೂತ್ರದಲ್ಲಿ ಕಾಣುವುದು ತರಕಾರಿಯ ಬಣ್ಣವೇ. ರಕ್ತದ ಒಂದು ಕಣವೂ ಅದರಲ್ಲಿ ಸೇರಿಲ್ಲ.

ಎಷ್ಟು ಬಣ್ಣ ಮೂತ್ರಕ್ಕೆ ಬರುತ್ತದೆ ಎಂದು ಅಳೆದು ನೋಡಿದ್ದಾರೆ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 120 ಮಿಲಿಗ್ರಾಂ ಬಣ್ಣವಿದ್ದ 300 ಮಿಲಿಲೀಟರ್ ಬೀಟ್‌ರೂಟ್ ರಸವನ್ನು ಆರೋಗ್ಯವಂತರಿಗೆ ಕುಡಿಸಿದರು. ಮೂತ್ರದಲ್ಲಿ ಹೊರಬಂದದ್ದು ಅದರ ನೂರಕ್ಕೆ ಅರ್ಧ ಪಾಲಿನಿಂದ ಸುಮಾರು ಒಂದು ಪಾಲು. ಅಂದರೆ ಹೆಚ್ಚೆಂದರೆ ಒಂದು ಮಿಲಿಗ್ರಾಂನ ಆಸುಪಾಸು. ಕುಡಿದ ಎರಡರಿಂದ ನಾಲ್ಕು ಗಂಟೆಯೊಳಗೆ ಬಣ್ಣ ಅತಿ ಹೆಚ್ಚು ಇತ್ತು. ಒಂದು ರಾಗಿ ಕಾಳಿನ ತೂಕದ ಅರ್ಧದಷ್ಟೂ ಇಲ್ಲದ ಬಣ್ಣ ಒಂದು ಲೋಟ ಮೂತ್ರವನ್ನು ಗುಲಾಬಿ ಮಾಡಬಲ್ಲದು ಎಂದರೆ ಅದರ ಗಾಢತೆ ಎಷ್ಟಿರಬೇಕು! ಕಣ್ಣಿಗೆ ಭಯ ಹುಟ್ಟಿಸುವ ಕೆಂಪಿನ ಹಿಂದೆ ಇರುವ ವಸ್ತು ಅಷ್ಟು ಕಡಿಮೆ.

ಈ ಲೆಕ್ಕ ಗೊತ್ತಾದರೆ ವ್ಯತ್ಯಾಸದ ಕಾರಣವೂ ಅರ್ಧ ಗೊತ್ತಾದಂತೆ. ಮೂತ್ರಕ್ಕೆ ಬರುವುದು ಸಾವಿರದಲ್ಲಿ ಐದು ಪಾಲೋ ಹತ್ತು ಪಾಲೋ ಎಂದಾಗ, ದಾರಿಯಲ್ಲಿ ಆಗುವ ಸಣ್ಣ ಹೆಚ್ಚುಕಮ್ಮಿಯೂ ಬಣ್ಣ ಕಾಣುತ್ತದೆಯೋ ಇಲ್ಲವೋ ಎಂಬುದನ್ನು ನಿರ್ಧರಿಸುತ್ತದೆ. ಹಸಿ ರಸ ಕುಡಿದವರ ಹೊಟ್ಟೆಗೆ ಹೋಗುವ ಬಣ್ಣ ಹೆಚ್ಚು. ಬೇಯಿಸಿ ನೀರು ಬಸಿದು ಪಲ್ಯ ಮಾಡಿದರೆ ಕಡಿಮೆ. ನೀರು ಕಡಿಮೆ ಕುಡಿದ ದಿನ ಮೂತ್ರ ಕಡಿಮೆ, ಬಣ್ಣ ಗಾಢ. ಎರಡು ಚೊಂಬು ನೀರು ಕುಡಿದಿದ್ದರೆ ಅದೇ ಬಣ್ಣ ತೆಳುವಾಗಿ ಕಣ್ಣಿಗೆ ಬೀಳದೇ ಹೋಗಬಹುದು. ಇಂದು ಕಂಡವರಿಗೆ ಮುಂದಿನ ವಾರ ಕಾಣದಿರುವುದು ಹೀಗೆ.

ಆದರೆ ಕೆಲವರಿಗೆ ಪ್ರತಿ ಸಲವೂ ಆಗುತ್ತದೆ, ಕೆಲವರಿಗೆ ಎಂದೂ ಆಗುವುದಿಲ್ಲ. ಇದನ್ನು ಕಂಡು 1956ರಲ್ಲಿ ಅಲಿಸನ್ ಮತ್ತು ಮೆಕ್‌ವರ್ಟರ್ ಎಂಬ ಸಂಶೋಧಕರು, ಇದು ಒಂದೇ ಜೀನಿನಿಂದ ತಂದೆತಾಯಿಯಿಂದ ಮಕ್ಕಳಿಗೆ ಬರುವ ಗುಣವಿರಬೇಕು ಎಂದು ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಕಣ್ಣಿನ ಬಣ್ಣದ ಹಾಗೆ ಇದೂ ಹುಟ್ಟಿನಿಂದ ಬರುತ್ತದೆ ಎಂಬ ಮಾತು ಆಕರ್ಷಕವಾಗಿತ್ತು, ಬಹಳ ಕಾಲ ಪಠ್ಯಗಳಲ್ಲೂ ಉಳಿಯಿತು. ಆದರೆ ಅದು ನಿಲ್ಲಲಿಲ್ಲ. ಕಣ್ಣಂದಾಜು ಬಿಟ್ಟು ಉಪಕರಣದಿಂದ ಬಣ್ಣವನ್ನು ಅಳೆದಾಗ, 1993ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ ಜನರು ಎರಡು ಗುಂಪುಗಳಾಗಿ ಬೇರ್ಪಡಲೇ ಇಲ್ಲ. ಕೆಲವರಲ್ಲಿ ಸ್ವಲ್ಪ, ಕೆಲವರಲ್ಲಿ ಇನ್ನೂ ಸ್ವಲ್ಪ ಹೆಚ್ಚು, ಕೆಲವರಲ್ಲಿ ಬಹಳ, ಹೀಗೆ ಒಂದೇ ಸಾಲಾಗಿ ಹರಡಿತ್ತು. ಕಣ್ಣಿಗೆ ಕಾಣುವ ಮಟ್ಟ ದಾಟಿದವರನ್ನು ನಾವು ಒಂದು ಗುಂಪೆಂದು ತಿಳಿದಿದ್ದೆವು, ಅಷ್ಟೇ.

ಇವೆರಡರ ನಡುವೆ 1963ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವಾಟ್ಸನ್, ಲ್ಯೂಕ್ ಮತ್ತು ಇನಾಲ್ ಎಂಬ ವೈದ್ಯರ ಬರಹ ಬಂತು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಸಂಶೋಧನೆ ಅದೇ. ಯಾರ ಮೂತ್ರ ಕೆಂಪಾಗುತ್ತದೆ ಎಂದು ಅವರು ರೋಗಿಗಳಲ್ಲಿ ಹುಡುಕುತ್ತ ಹೋದರು. ರಕ್ತಹೀನತೆ ಇದ್ದವರಲ್ಲಿ, ಅದರಲ್ಲೂ ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಬಂದವರಲ್ಲಿ, ಇದು ಬಹಳ ಹೆಚ್ಚಾಗಿ ಕಂಡಿತು. ಚಿಕಿತ್ಸೆ ಆಗದ ಕಬ್ಬಿಣದ ಕೊರತೆ ಇರುವವರಲ್ಲಿ ಮೂರರಲ್ಲಿ ಎರಡು ಪಾಲು ಜನರಿಗೆ, ಕೆಲವು ವರದಿಗಳಲ್ಲಿ ಇನ್ನೂ ಹೆಚ್ಚಿನವರಿಗೆ, ಬೀಟ್‌ರೂಟ್ ತಿಂದರೆ ಮೂತ್ರ ಕೆಂಪಾಗುತ್ತದೆ ಎಂದು ವೈದ್ಯಕೀಯ ಬರಹಗಳು ದಾಖಲಿಸಿವೆ. ಆರೋಗ್ಯವಂತರಲ್ಲಿ ಕಾಣುವ ಹತ್ತು ಹದಿನಾಲ್ಕರ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ.

ಕಾರಣ ಹೀಗಿರಬಹುದು. ಕಬ್ಬಿಣ ಸಾಲದ ದೇಹ ಅದನ್ನು ಎಲ್ಲಿಂದಾದರೂ ಪಡೆಯಲು ಕರುಳಿನ ಹೀರುವಿಕೆಯನ್ನೇ ಹೆಚ್ಚಿಸಿಕೊಳ್ಳುತ್ತದೆ. ಆ ತೆರೆದ ದಾರಿಯಲ್ಲಿ ಬೀಟ್‌ರೂಟಿನ ಬಣ್ಣವೂ ಹೆಚ್ಚಾಗಿ ನುಗ್ಗುವ ಸಾಧ್ಯತೆ ಇದೆ. ಇನ್ನೊಂದು ದಿಕ್ಕಿನ ವಿವರಣೆ ರಸಾಯನಶಾಸ್ತ್ರದ್ದು. ಬೀಟಾನಿನ್‌ನ ಬಣ್ಣವನ್ನು ಕಬ್ಬಿಣ ಕೆಡಿಸುತ್ತದೆ ಎಂದೆನಲ್ಲ, ಕರುಳಿನಲ್ಲಿ ಕಬ್ಬಿಣ ಕಡಿಮೆ ಇದ್ದಾಗ ಕೆಡುವ ಬಣ್ಣವೂ ಕಡಿಮೆ. 1995ರಲ್ಲಿ ಈಸ್ಟ್‌ವುಡ್ ಮತ್ತು ನೈಲಿನ್ ಎಂಬುವರು ಇದಕ್ಕೆ ಇನ್ನೊಂದು ಎಳೆ ಸೇರಿಸಿದರು. ಬೀಟ್‌ರೂಟಿನಲ್ಲೂ ಸೊಪ್ಪುಗಳಲ್ಲೂ ಇರುವ ಆಕ್ಸಾಲಿಕ್ ಆಮ್ಲ ಈ ಬಣ್ಣ ಕೆಡದಂತೆ ಕಾಪಾಡುತ್ತದೆ, ಆದ್ದರಿಂದ ದೊಡ್ಡ ಕರುಳಿನವರೆಗೂ ಅದು ಕೆಂಪಾಗಿಯೇ ತಲುಪುತ್ತದೆ ಎಂಬುದು ಅವರ ವಾದ. ಜಠರದಲ್ಲಿ ಆಮ್ಲ ಕಡಿಮೆ ಇರುವವರಲ್ಲೂ ಬಣ್ಣ ಹೆಚ್ಚು ಉಳಿಯುತ್ತದೆ ಎನ್ನುವುದಕ್ಕೆ ಆಧಾರವಿದೆ. ಬಿ12 ಜೀವಸತ್ವ ಹೀರಲಾಗದೆ ಬರುವ ಒಂದು ಬಗೆಯ ರಕ್ತಹೀನತೆಯಲ್ಲಿ ಜಠರ ಆಮ್ಲವನ್ನೇ ತಯಾರಿಸುವುದಿಲ್ಲ. ಅಂಥ ರೋಗಿಗಳಲ್ಲೂ ಕೆಂಪು ಮೂತ್ರ ಸುಮಾರು ಅರ್ಧದಷ್ಟು ಜನರಲ್ಲಿ ಕಂಡಿತ್ತು.

ಈಗ ಒಂದು ಮನೆಯ ಉದಾಹರಣೆ ತೆಗೆದುಕೊಳ್ಳೋಣ. ಮೂವತ್ತೈದರ ಆಸುಪಾಸಿನ ಒಬ್ಬ ಹೆಣ್ಣುಮಗಳು. ತಿಂಗಳ ಮುಟ್ಟಿನಲ್ಲಿ ರಕ್ತಸ್ರಾವ ಹೆಚ್ಚು, ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನಕ್ಕೆ ಸುಸ್ತು. ‘ಬೀಟ್‌ರೂಟ್ ಕುಡಿಯಮ್ಮ, ರಕ್ತ ಆಗುತ್ತೆ’ ಎಂದು ಅತ್ತೆಯವರು ಹೇಳಿದ್ದಾರೆ. ಬೆಳಿಗ್ಗೆ ಏಳಕ್ಕೆ ಒಂದು ದೊಡ್ಡ ಲೋಟ ಹಸಿ ರಸ ಕುಡಿದಿದ್ದಾಳೆ. ಹತ್ತರ ಹೊತ್ತಿಗೆ ಮೂತ್ರ ಗುಲಾಬಿ. ಸಂಜೆಗೆ ತೆಳುವಾಗುತ್ತದೆ, ಮರುದಿನ ಸಹಜ ಬಣ್ಣ. ನೋವಿಲ್ಲ, ಉರಿಯಿಲ್ಲ, ಜ್ವರವಿಲ್ಲ. ಈ ಗುಲಾಬಿ ಬಣ್ಣ ಬೀಟ್‌ರೂಟಿನದೇ, ಸಂದೇಹವಿಲ್ಲ. ಆದರೆ ಇವಳ ವಿಷಯ ಇಲ್ಲಿಗೆ ಮುಗಿಯುವುದಿಲ್ಲ. ಏದುಸಿರು, ಸುಸ್ತು, ಹೆಚ್ಚಿನ ಮುಟ್ಟು, ಅದರ ಮೇಲೆ ಪ್ರತಿ ಸಲ ಕೆಂಪು ಮೂತ್ರ ಇವೆಲ್ಲ ಒಟ್ಟಿಗಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಲೇಬೇಕು. ವಯಸ್ಕ ಹೆಂಗಸರಲ್ಲಿ ಅದು 12ಕ್ಕಿಂತ ಕಡಿಮೆ, ಗರ್ಭಿಣಿಯರಲ್ಲಿ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದು ವೈದ್ಯರು ಲೆಕ್ಕ ಹಾಕುತ್ತಾರೆ. 2019ರಿಂದ 2021ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ ಇತ್ತು. ಹಾಗಿರುವಾಗ ಇದನ್ನು ಅಪರೂಪದ ಮಾತೆಂದು ತಳ್ಳಿಹಾಕುವಂತಿಲ್ಲ.

ಕೆಂಪು ಮೂತ್ರವನ್ನೇ ರಕ್ತಹೀನತೆಯ ಪರೀಕ್ಷೆ ಎಂದುಕೊಳ್ಳಬಾರದು. ಕಬ್ಬಿಣ ಸಾಕಷ್ಟಿರುವವರಿಗೂ ಅದು ಕಾಣುತ್ತದೆ, ಕೊರತೆ ಇರುವವರಿಗೆ ಕಾಣದೆಯೂ ಇರಬಹುದು. ಅದೊಂದು ಸುಳಿವು, ಅದನ್ನು ಖಚಿತಪಡಿಸುವುದು ರಕ್ತಪರೀಕ್ಷೆ ಮಾತ್ರ.

ಬೀಟ್‌ರೂಟ್ ಕುಡಿದರೆ ರಕ್ತ ಆಗುತ್ತದೆ ಎಂಬ ನಂಬಿಕೆಯ ಬಗ್ಗೆಯೂ ಇಲ್ಲೇ ಹೇಳಬೇಕು, ಏಕೆಂದರೆ ಅದನ್ನು ನಂಬಿ ಮಾತ್ರೆ ಬಿಡುವ ಗರ್ಭಿಣಿಯರಿದ್ದಾರೆ. ನೂರು ಗ್ರಾಂ ಬೀಟ್‌ರೂಟಿನಲ್ಲಿರುವ ಕಬ್ಬಿಣ ಒಂದು ಮಿಲಿಗ್ರಾಂಗಿಂತಲೂ ಕಡಿಮೆ, ಸುಮಾರು 0.8. ವಯಸ್ಕ ಹೆಣ್ಣಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಆಹಾರದಿಂದ ಸಿಗಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ಬೀಟ್‌ರೂಟ್ ಒಂದರಿಂದಲೇ ಅದನ್ನು ಪಡೆಯಲು ಮೂರೂವರೆ ಕಿಲೋ ತಿನ್ನಬೇಕು. ಬೀಟ್‌ರೂಟಿನ ಬಣ್ಣ ರಕ್ತದಂತಿದೆ, ಆದರೆ ರಕ್ತದ ಬಣ್ಣಕ್ಕೆ ಕಾರಣವಾದ ಕಬ್ಬಿಣ ಆ ಬಣ್ಣದಲ್ಲಿಲ್ಲ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಗರ್ಭಿಣಿಯರಿಗೆ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ ಇರುತ್ತದೆ. ರಸ ಕುಡಿಯಿರಿ, ರುಚಿಯಾಗಿದೆ. ಮಾತ್ರೆಯನ್ನು ಮಾತ್ರ ಬಿಡಬೇಡಿ.

ಹಾನಿಯಿಲ್ಲ ಎಂದ ಮಾತ್ರಕ್ಕೆ ಕೆಂಪು ಕಂಡಾಗಲೆಲ್ಲ ಬೀಟ್‌ರೂಟಿನ ಮೇಲೆ ಹೊರಿಸಿ ಸುಮ್ಮನಿರುವುದು ಅಪಾಯ. ಒಂದು ಲೀಟರ್ ಮೂತ್ರಕ್ಕೆ ಒಂದು ಮಿಲಿಲೀಟರ್ ರಕ್ತ ಬೆರೆತರೂ ಬಣ್ಣ ಬದಲಾಗುತ್ತದೆ. ಕಲ್ಲು, ಸೋಂಕು, ಮೂತ್ರಪಿಂಡದ ಉರಿಯೂತ, ಮೂತ್ರಕೋಶದ ಗಡ್ಡೆ ಇವೆಲ್ಲದರಲ್ಲೂ ಮೂತ್ರದಲ್ಲಿ ರಕ್ತ ಬರಬಹುದು. ಮೂತ್ರಕೋಶದ ಕ್ಯಾನ್ಸರ್ ಬಹುಪಾಲು ನೋವೇ ಇಲ್ಲದ ಕೆಂಪು ಮೂತ್ರದಿಂದಲೇ ತನ್ನ ಇರುವಿಕೆ ತೋರಿಸುತ್ತದೆ. ಅದರ ಸ್ವಭಾವವೇ ಒಂದು ದಿನ ಕಾಣಿಸಿ ವಾರಗಟ್ಟಲೆ ಮಾಯವಾಗುವುದು. ಜನ ಮೋಸಹೋಗುವುದು ಇಲ್ಲಿ. ಎರಡು ದಿನಕ್ಕೆ ಬಣ್ಣ ಹೋಯಿತು, ಹಾಗಾದರೆ ಬೀಟ್‌ರೂಟೇ ಎಂದು ತಿಳಿದವರು ತಿಂಗಳುಗಟ್ಟಲೆ ತಡ ಮಾಡಿಬಿಡುತ್ತಾರೆ. ಬೀಟ್‌ರೂಟ್ ತಿನ್ನದ ದಿನ ಒಮ್ಮೆ ಕೆಂಪು ಕಂಡಿದ್ದರೂ, ಆಮೇಲೆ ತಾನಾಗಿ ಹೋಗಿದ್ದರೂ, ವೈದ್ಯರಿಗೆ ತೋರಿಸಬೇಕು. ಬೀಡಿ ಸಿಗರೇಟು ಸೇದುವ, ಐವತ್ತು ದಾಟಿದ ಗಂಡಸರಂತೂ ಒಂದು ದಿನವೂ ಕಾಯಬಾರದು.

ತಿಂದದ್ದು ನಿಜವಿದ್ದು, ಬೇರೇನೂ ತೊಂದರೆ ಇಲ್ಲದಿದ್ದರೆ ಬೀಟ್‌ರೂಟ್ ನಿಲ್ಲಿಸಿ ಚೆನ್ನಾಗಿ ನೀರು ಕುಡಿದು ಎರಡು ದಿನ ನೋಡಿ. ಸಾಮಾನ್ಯವಾಗಿ ಮರುದಿನಕ್ಕೇ ಬಣ್ಣ ಹೋಗುತ್ತದೆ. 48 ಗಂಟೆ ದಾಟಿದರೂ ಉಳಿದಿದ್ದರೆ, ಅಥವಾ ಉರಿ, ಸೊಂಟದ ಪಕ್ಕ ನೋವು, ಜ್ವರ, ಹೆಪ್ಪು, ಕಾಲು ಮುಖದ ಬಾವು ಜೊತೆಗಿದ್ದರೆ, ಅಥವಾ ಬಣ್ಣ ಗುಲಾಬಿಗಿಂತ ಗಾಢವಾಗಿ ಕಪ್ಪು ಕಾಫಿಯಂತೆ ಕಂಡರೆ ಕಾಯದೆ ಹೋಗಿ. ಮೊದಲು ಎಂದೂ ಕೆಂಪಾಗದವರಿಗೆ ಈಗ ಕೆಂಪಾಗಿದ್ದರೂ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಮಾತ್ರೆಯಿಂದಲೂ ಮೂತ್ರ ಕಿತ್ತಳೆಗೆಂಪಾಗುತ್ತದೆ. ಆ ಮಾತ್ರೆ ನುಂಗುವವರು ಹೆದರಿ ನಿಲ್ಲಿಸಬಾರದು.

ಪರೀಕ್ಷೆ ಕಷ್ಟದ್ದಲ್ಲ. ಲ್ಯಾಬಿನಲ್ಲಿ ಒಂದು ಬಣ್ಣದ ಪಟ್ಟಿಯನ್ನು ಮೂತ್ರದಲ್ಲಿ ಅದ್ದುತ್ತಾರೆ. ಅದು ಹಿಮೋಗ್ಲೋಬಿನ್‌ನೊಳಗಿನ ಕಬ್ಬಿಣದ ಭಾಗದೊಡನೆ ಪ್ರತಿಕ್ರಿಯೆ ನಡೆಸಿ ಬಣ್ಣ ತಿರುಗುತ್ತದೆ, ಬೀಟಾನಿನ್‌ಗೆ ಆ ಗುಣವಿಲ್ಲ. ಆಮೇಲೆ ಮೂತ್ರವನ್ನು ಯಂತ್ರದಲ್ಲಿ ಗಿರಗಿರ ತಿರುಗಿಸಿ ತಳಕ್ಕಿಳಿದದ್ದನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ರಕ್ತವಾದರೆ ಕೆಂಪು ಕಣಗಳು ತಳದಲ್ಲಿ ಸಿಗುತ್ತವೆ. ಬೀಟ್‌ರೂಟಾದರೆ ತಳದಲ್ಲಿ ಕೆಂಪು ಕಣ ಇರುವುದಿಲ್ಲ, ಮೇಲಿನ ನೀರೇ ಗುಲಾಬಿಯಾಗಿ ಉಳಿಯುತ್ತದೆ. ಮನೆಯಲ್ಲೇ ಲೋಟದಲ್ಲಿ ಹಿಡಿದಿಟ್ಟು ತೀರ್ಮಾನ ಮಾಡುವ ಸಾಹಸ ಬೇಡ, ಕಣ್ಣಿಗೆ ಅಷ್ಟು ನಿಖರತೆ ಇಲ್ಲ.

ಬಣ್ಣ ನಿರಪಾಯವಾದರೂ ತರಕಾರಿ ಎಲ್ಲರಿಗೂ ಲೆಕ್ಕವಿಲ್ಲದೆ ಒಗ್ಗುತ್ತದೆ ಎನ್ನಲಾಗದು. ಬೀಟ್‌ರೂಟಿನಲ್ಲಿ ಆಕ್ಸಲೇಟ್ ಹೆಚ್ಚು. ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಆಗಿದ್ದವರು ದಿನವೂ ರಸ ಕುಡಿಯುವ ಅಭ್ಯಾಸವನ್ನು ಬಿಡಬೇಕು. ಅದರಲ್ಲಿರುವ ಪೊಟ್ಯಾಸಿಯಂ ಮೂತ್ರಪಿಂಡ ದುರ್ಬಲವಾದವರಿಗೆ, ಡಯಾಲಿಸಿಸ್‌ನಲ್ಲಿರುವವರಿಗೆ ಹೊರೆ. ಅದರ ನೈಟ್ರೇಟ್ ರಕ್ತದೊತ್ತಡ ಇಳಿಸುತ್ತದೆ, ಹಾಗಾಗಿ ಬಿಪಿ ಮಾತ್ರೆ ತೆಗೆದುಕೊಳ್ಳುವವರು ರಸ ಶುರು ಮಾಡುವ ಮೊದಲು ವೈದ್ಯರಿಗೆ ತಿಳಿಸಬೇಕು. ವಾರಕ್ಕೊಮ್ಮೆ ಎರಡು ಸಲ ಪಲ್ಯ, ಬಜ್ಜಿ ತಿನ್ನುವ ಉಳಿದವರು ಇದಾವುದಕ್ಕೂ ತಲೆಕೆಡಿಸಿಕೊಳ್ಳಬೇಕಿಲ್ಲ.

ಮೂತ್ರಪರೀಕ್ಷೆಗೆ ಹೋಗುವವರು ಹಿಂದಿನ ಎರಡು ದಿನ ಬೀಟ್‌ರೂಟ್ ಅಥವಾ ಕೆಂಪು ಡ್ರ್ಯಾಗನ್ ಹಣ್ಣು ತಿಂದಿದ್ದರೆ ಅದನ್ನು ಲ್ಯಾಬಿನವರಿಗೆ ಮೊದಲೇ ಹೇಳಿ. ಮೂತ್ರವೇ ಕೆಂಪಾಗಿದ್ದರೆ ಪಟ್ಟಿಯ ಬಣ್ಣವನ್ನು ಕಣ್ಣಿನಿಂದ ಓದುವಾಗ ತಪ್ಪಾಗಬಹುದು, ಅಂಥ ಸಂದರ್ಭದಲ್ಲಿ ಸೂಕ್ಷ್ಮದರ್ಶಕದ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ.